‘ಸರ್, ಈ 1/2 ಎಲ್ಲಿಂದ ಬಂತು?’: ಲಿಮಿಟ್ ಪ್ರೂಫ್‌ನ ಒಂದೇ ಒಂದು ಸಾಲಿನ ಬಗ್ಗೆ ಲೆಕ್ಚರರ್‌ಗೆ ಪತ್ರ ಬರೆಯುವುದು ಹೇಗೆ

ಬಿಎಸ್‌ಸಿ ಮೊದಲ ವರ್ಷದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ‘ಲಿಮಿಟ್ ಪ್ರೂಫ್ ಅರ್ಥ ಆಗಿಲ್ಲ, ಸರ್‌ಗೆ ಮೆಸೇಜ್ ಹಾಕಿದೆ, ಕ್ಲಾಸಲ್ಲಿ ಕೇಳು ಅಂದರು, ಕ್ಲಾಸಲ್ಲಿ ಕೇಳೋಕೆ ಧೈರ್ಯ ಬರಲಿಲ್ಲ, ಈಗ ಏನು ಬರೆಯಲಿ?’ ನಾನೂ ಹಲವು ವರ್ಷ ಇದೇ ಪಾಠ ಮಾಡಿದವನು. ಇಂಥ ಮೆಸೇಜುಗಳು ನನಗೂ ಬಂದಿವೆ, ‘ಕ್ಲಾಸಲ್ಲಿ ಕೇಳಪ್ಪ’ ಅಂತ ನಾನೂ ಉತ್ತರ ಕೊಟ್ಟಿದ್ದೇನೆ. ಸೋಮಾರಿತನ ಅಂದುಕೊಳ್ಳಬೇಡಿ. ‘ಪ್ರೂಫ್ ಅರ್ಥ ಆಗಿಲ್ಲ’ ಎಂಬ ಮಾತಿಗೆ ಉತ್ತರ ಬರೆಯಬೇಕಾದರೆ ಇಡೀ ಪಾಠವನ್ನೇ ಮತ್ತೆ ಬರೆಯಬೇಕು. ‘ನಾಲ್ಕನೇ ಸಾಲಿನ 1/2 ಬದಲು 3/4 ಹಾಕಬಹುದಾ’ ಅಂತ ಕೇಳಿದರೆ ಎರಡು ಸಾಲು ಸಾಕು, ಬಸ್ಸಲ್ಲಿ ಕೂತೇ ಬರೆದುಬಿಡಬಹುದು.

ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವುದು ಹೇಗೆ ಅಂತ ಒಂದೇ ಉದಾಹರಣೆ ಹಿಡಿದು ತೋರಿಸುತ್ತೇನೆ. x ಎಂಬುದು 1ರ ಹತ್ತಿರ ಹೋದಾಗ 1/x ಕೂಡ 1ರ ಹತ್ತಿರ ಹೋಗುತ್ತದೆ ಎಂಬ ಪ್ರೂಫ್ ತಗೊಳ್ಳೋಣ. ಇದು ಬಹಳ ಜನ ಎಡವುವ ಜಾಗ.

ಏನೇನು ಬೇಕು

ಆ ದಿನದ ನೋಟ್ಸ್, ಒಂದು ಖಾಲಿ ಹಾಳೆ, ಕ್ಯಾಲ್ಕುಲೇಟರ್, ಅರ್ಧ ಗಂಟೆ. ಜೊತೆಗೆ ಮೂರು ಚಿಹ್ನೆಗಳ ಅರ್ಥ ಗೊತ್ತಿರಬೇಕು. ಪಿಯುಸಿಯಲ್ಲಿ ಲಿಮಿಟ್ ಅಂದರೆ ‘ಹತ್ತಿರ ಹತ್ತಿರ ಹೋಗುವುದು’ ಅಂತ ಕಲಿತು, ಡಿಗ್ರಿಗೆ ಬಂದ ಕೂಡಲೇ ಗ್ರೀಕ್ ಅಕ್ಷರಗಳು ಎದುರಾಗುತ್ತವೆ. ಹಾಗಾಗಿ ಒಮ್ಮೆ ಹೇಳಿಬಿಡುತ್ತೇನೆ.

ε (ಎಪ್ಸಿಲಾನ್) ಅಂದರೆ ಉತ್ತರದಲ್ಲಿ ಎಷ್ಟು ವ್ಯತ್ಯಾಸ ಇದ್ದರೆ ನಡೆಯುತ್ತದೆ ಎಂಬುದು. ಅದನ್ನು ಎದುರಾಳಿ ಕೊಡುತ್ತಾನೆ, ನೀವಲ್ಲ. δ (ಡೆಲ್ಟಾ) ಅಂದರೆ x ಎಷ್ಟು ಹತ್ತಿರ ಇರಬೇಕು ಎಂಬುದು. ಇದನ್ನು ಕೊಡಬೇಕಾದವರು ನೀವು. min(a, b) ಅಂದರೆ ಎರಡರಲ್ಲಿ ಚಿಕ್ಕದು, ಅಷ್ಟೇ. ಹಾಗೆಯೇ |x − 1| ಎಂಬುದನ್ನು ‘xಗೂ 1ಕ್ಕೂ ಇರುವ ದೂರ’ ಅಂತ ಓದಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಕಡಿಮೆಯಾಗುತ್ತದೆ.

1. ಪ್ರೂಫ್ ಅನ್ನು ಸಾಲು ಸಾಲಾಗಿ ಮತ್ತೆ ಬರೆಯಿರಿ, ನಂಬರ್ ಹಾಕಿ

ಬೋರ್ಡಿನಿಂದ ಇಳಿಸಿಕೊಂಡದ್ದು ಸಾಮಾನ್ಯವಾಗಿ ಬಾಣ, ಗೀಟು, ಪಕ್ಕದಲ್ಲಿ ತುರುಕಿದ ಲೆಕ್ಕ ಎಲ್ಲ ಸೇರಿ ಗೋಜಲಾಗಿರುತ್ತದೆ. ಅದನ್ನು ಹೀಗೆ ಬಿಡಿಸಿ ಬರೆಯಿರಿ:

ಸಾಲು 1: ε > 0 ಕೊಟ್ಟಿದೆ.
ಸಾಲು 2: δ = min(1/2, ε/2) ಎಂದು ಇಟ್ಟುಕೊಳ್ಳೋಣ.
ಸಾಲು 3: 0 < |x − 1| < δ ಆಗಿರಲಿ.
ಸಾಲು 4: ಆಗ |x − 1| < 1/2, ಅಂದರೆ 1/2 < x < 3/2. ಆದ್ದರಿಂದ 1/|x| < 2.
ಸಾಲು 5: |1/x − 1| = |x − 1|/|x| < 2|x − 1| < 2·(ε/2) = ε.

ಐದೇ ಸಾಲು. ನೋಟ್ಸಲ್ಲಿ ಒಂದು ಪುಟ ಇದ್ದದ್ದು ಇಷ್ಟೇ! ಹೀಗೆ ಬರೆಯುವಾಗಲೇ ನಕಲು ಮಾಡುವಾಗ ಆದ ತಪ್ಪು ಸಿಕ್ಕಿಬಿಡುವುದು ಉಂಟು. ‘ಅರ್ಥ ಆಗದ ಸಾಲು’ ಅಂತ ನನಗೆ ತೋರಿಸಿದ್ದು ಎಷ್ಟೋ ಸಲ < ಇರಬೇಕಾದಲ್ಲಿ > ಬರೆದುಕೊಂಡ ಸಾಲಾಗಿರುತ್ತಿತ್ತು. ಅದಕ್ಕೇ ಪಕ್ಕದವರ ನೋಟ್ಸ್ ಜೊತೆ ಒಮ್ಮೆ ಹೋಲಿಸಿ ನೋಡಿ.

2. ಎಡವಿದ ಸಾಲು ನಿಜವಾಗಿ ಯಾವುದು ಅಂತ ಹುಡುಕಿ

ನೀವು ಮಾಡಬೇಕಾದ ಮುಖ್ಯ ಕೆಲಸ ಇದೇ, ಇದಕ್ಕೆ ಸಮಯ ಕೊಡಿ. ಬಹಳ ಜನ ಎರಡನೇ ಸಾಲಲ್ಲೇ ನಿಂತುಬಿಡುತ್ತಾರೆ. ‘ε/2 ಓಕೆ, ಆದರೆ ಈ 1/2 ಎಲ್ಲಿಂದ ಉದುರಿತು?’ ಅಂತ. ಆದರೆ ಎರಡನೇ ಸಾಲಲ್ಲಿ ಅರ್ಥ ಮಾಡಿಕೊಳ್ಳುವಂಥದ್ದು ಏನೂ ಇಲ್ಲ, ಅಲ್ಲಿ ಒಂದು ಆಯ್ಕೆಯನ್ನು ಘೋಷಿಸಿದ್ದಾರೆ ಅಷ್ಟೇ. ಆ ಆಯ್ಕೆಯ ಕಾರಣ ಕೆಳಗಡೆ ಎಲ್ಲೋ ಇದೆ. ಲಿಮಿಟ್ ಪ್ರೂಫ್‌ಗಳನ್ನು ಹುಡುಕುವುದು ಕೆಳಗಿನಿಂದ ಮೇಲಕ್ಕೆ, ಬರೆಯುವುದು ಮೇಲಿನಿಂದ ಕೆಳಕ್ಕೆ. ಲೆಕ್ಚರರ್ ಮನೆಯಲ್ಲೋ ಬೋರ್ಡಿನ ಮೂಲೆಯಲ್ಲೋ ರಫ್ ವರ್ಕ್ ಮಾಡಿ, ಕೊನೆಯ ಸಾಲಿನಿಂದ ಹಿಂದಕ್ಕೆ ಬಂದು δ ಕಂಡುಹಿಡಿದಿರುತ್ತಾರೆ. ಫೇರ್ ಕಾಪಿಯಲ್ಲಿ ಅದು ಮೊದಲೇ ಬಂದು ಕೂತಿರುತ್ತದೆ.

ಹಾಗಾದರೆ ಕಾರಣ ಇರುವ ಸಾಲು ಹುಡುಕುವುದು ಹೇಗೆ? ಪೆನ್ಸಿಲ್ ತಗೊಂಡು ಆ 1/2 ಅನ್ನು ಹೊಡೆದುಹಾಕಿ, δ = ε/2 ಮಾತ್ರ ಉಳಿಸಿ. ಈಗ ಒಂದೊಂದೇ ಸಾಲು ಓದುತ್ತಾ ಬನ್ನಿ. 3ನೇ ಸಾಲಿಗೆ ಏನೂ ಆಗಲ್ಲ. 4ನೇ ಸಾಲು ‘ಆಗ |x − 1| < 1/2’ ಅನ್ನುತ್ತದೆ, ಆದರೆ ಅದನ್ನು ಹೇಳಲು ಈಗ ಆಧಾರವೇ ಇಲ್ಲ. ಅಲ್ಲಿ ಪ್ರೂಫ್ ಮುರಿಯಿತು. ಅಂದರೆ ನಿಮ್ಮ ಪ್ರಶ್ನೆ ಎರಡನೇ ಸಾಲಿನದಲ್ಲ, ನಾಲ್ಕನೆಯದು: 1/|x| ಎಂಬುದು ಒಂದು ಸಂಖ್ಯೆಗಿಂತ ಕೆಳಗೇ ಇರುವಂತೆ ಕಟ್ಟಿಹಾಕುವುದು ಯಾಕೆ ಬೇಕು, ಮತ್ತು ಅದಕ್ಕೆ 1/2 ಯಾಕೆ?

ಈ ಅಳಿಸಿ ನೋಡುವ ಉಪಾಯ ಬೇರೆ ಲಿಮಿಟ್ ಪ್ರೂಫ್‌ಗಳಿಗೂ ನಡೆಯುತ್ತದೆ. ಅನುಮಾನ ಬಂದ ಭಾಗ ತೆಗೆಯಿರಿ, ಮೊದಲು ಮುರಿಯುವ ಸಾಲು ಯಾವುದು ನೋಡಿ, ಪತ್ರದಲ್ಲಿ ಆ ಸಾಲಿನ ನಂಬರ್ ಬರೆಯಿರಿ.

3. ಸಂಖ್ಯೆ ಹಾಕಿ ನೋಡಿ

ε = 0.1 ಇಟ್ಟರೆ ε/2 = 0.05. ಇದು 1/2ಕ್ಕಿಂತ ಚಿಕ್ಕದು, ಹಾಗಾಗಿ min ಇದ್ದರೂ ಇಲ್ಲದಿದ್ದರೂ δ = 0.05. x = 1.04 ಹಾಕಿದರೆ 1/x ಸುಮಾರು 0.9615, ವ್ಯತ್ಯಾಸ ಸುಮಾರು 0.0385, 0.1ಕ್ಕಿಂತ ಕಡಿಮೆ. ಎಲ್ಲ ಸರಿ. ಇಲ್ಲಿ ನಿಲ್ಲಿಸಿದರೆ 1/2 ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದಾರೆ ಅನಿಸುತ್ತದೆ, ಅಲ್ವಾ? ಬಹಳ ಜನ ನಿಲ್ಲಿಸುವುದೂ ಇಲ್ಲೇ.

ε = 1.8 ಇಡಿ. 1/2 ಇಲ್ಲದಿದ್ದರೆ δ = 0.9. ಆಗ x = 0.2 ಕೂಡ ಒಳಗೆ ಬರುತ್ತದೆ, ಯಾಕೆಂದರೆ 1ರಿಂದ ಅದರ ದೂರ 0.8. ಆದರೆ 1/0.2 = 5. 5ಕ್ಕೂ 1ಕ್ಕೂ ವ್ಯತ್ಯಾಸ 4, ನಾವು ಕೊಟ್ಟ ಮಾತು 1.8. ಪ್ರೂಫ್ ಸುಳ್ಳಾಯಿತು. 1/2 ಇದ್ದಿದ್ದರೆ δ = 0.5 ಆಗಿ 0.2 ಒಳಗೇ ಬರುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ‘ε ಅಂದರೆ ತುಂಬಾ ಚಿಕ್ಕದು ಅಲ್ವಾ ಸರ್, 1.8 ಹೇಗೆ ಹಾಕ್ತೀರಿ?’ ವ್ಯಾಖ್ಯೆಯಲ್ಲಿ ಎಲ್ಲೂ ‘ಚಿಕ್ಕದು’ ಅಂತ ಇಲ್ಲ, ‘ಪ್ರತಿಯೊಂದು ε > 0’ ಅಂತ ಇದೆ. ಬೇಕಾದರೆ ನೀವು ‘ε ≤ 1 ಎಂದು ಇಟ್ಟುಕೊಂಡರೆ ಸಾಕು, ಚಿಕ್ಕ εಗೆ ಸರಿಹೋದ δ ದೊಡ್ಡದಕ್ಕೂ ಸರಿಹೋಗುತ್ತದೆ’ ಅಂತ ಒಂದು ಸಾಲು ಬರೆದು min ಇಲ್ಲದೆಯೇ ಮುಗಿಸಬಹುದು. ಅದೂ ಸರಿಯಾದ ಪ್ರೂಫೇ. ಆದರೆ ಆ ಸಾಲು ಬರೆಯಲೇಬೇಕು, ಮನಸ್ಸಲ್ಲಿ ಇಟ್ಟುಕೊಂಡರೆ ಆಗಲ್ಲ.

ಈಗ ನಿಮ್ಮ ಪ್ರಶ್ನೆ ಅರ್ಧ ಕರಗಿತು. ಏನೋ ಒಂದು ಸಂಖ್ಯೆ ಬೇಕು ಅಂತ ಗೊತ್ತಾಯಿತು. ಉಳಿದದ್ದು: 1/2 ಯಾಕೆ?

4. ಬೇರೆ ಸಂಖ್ಯೆ ಹಾಕಿ ಪ್ರಯತ್ನಿಸಿ, ಎಲ್ಲಿ ನಿಂತಿರಿ ಅಂತ ಬರೆದಿಡಿ

ಹಿಂದಿನ ವಾರ x² ಪ್ರೂಫ್ ಮಾಡುವಾಗ ಬಹುಶಃ 1/2 ಇರಲಿಲ್ಲ, ‘|x − 2| < 1 ಆಗಿರಲಿ’ ಅಂತ 1 ಇತ್ತು. ಇಲ್ಲೂ 1 ಹಾಕಿ ನೋಡೋಣ. |x − 1| < 1 ಅಂದರೆ 0 < x < 2. ಈಗ 1/x ಎಷ್ಟರೊಳಗೆ ಇರುತ್ತದೆ? x = 0.1 ಆದರೆ 10, x = 0.01 ಆದರೆ 100, x = 0.001 ಆದರೆ 1000. ಮೇಲ್ಮಿತಿಯೇ ಇಲ್ಲ. ಮೇಲ್ಮಿತಿ ಅಂದರೆ ‘ಇದಕ್ಕಿಂತ ಮೇಲೆ ಹೋಗಲ್ಲ’ ಅಂತ ಹೇಳಬಹುದಾದ ಒಂದು ಸಂಖ್ಯೆ. ಐದನೇ ಸಾಲಿನ 2 ಇದೆಯಲ್ಲ, ಅದು ಆ ಮೇಲ್ಮಿತಿ. 1 ಹಾಕಿದರೆ ಆ ಜಾಗದಲ್ಲಿ ಬರೆಯಲು ಏನೂ ಸಿಗಲ್ಲ. x²ಗೆ ಈ ಕಷ್ಟ ಇರಲಿಲ್ಲ. ಅಲ್ಲಿ ಕಟ್ಟಿಹಾಕಬೇಕಿದ್ದದ್ದು |x + 2|, ಅದು 5 ದಾಟುವುದಿಲ್ಲ. ಇಲ್ಲಿ x ಛೇದದಲ್ಲಿದೆ, ಸೊನ್ನೆಯ ಪಕ್ಕಕ್ಕೆ ಹೋದರೆ ಕೈ ಕೊಡುತ್ತದೆ.

ಈಗ 3/4 ಹಾಕಿ. |x − 1| < 3/4 ಅಂದರೆ x > 1/4, ಆದ್ದರಿಂದ 1/x < 4. δ = min(3/4, ε/4) ಇಟ್ಟರೆ ಐದನೇ ಸಾಲು 4·(ε/4) = ε ಆಗುತ್ತದೆ. ನಡೆಯಿತು ಅನಿಸುತ್ತದೆ.

ಇಷ್ಟು ಮಾಡಿದ ಮೇಲೆ ಕೆಲವರು ‘ಉತ್ತರ ನನಗೇ ಸಿಕ್ಕಿತು, ಪತ್ರ ಬೇಡ’ ಅಂತ ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈಗಲೇ ಕಳಿಸಬೇಕು. ನಿಮ್ಮ 3/4 ಪ್ರೂಫ್ ಸರಿಯಾ ಅಂತ ಖಚಿತ ಮಾಡಿಕೊಂಡಿಲ್ಲ, 1/2ಕ್ಕೆ ಬೇರೇನಾದರೂ ಕಾರಣ ಇದೆಯಾ ಅಂತಲೂ ಗೊತ್ತಿಲ್ಲ. ಕೇಳಲು ಯೋಗ್ಯವಾದ ಪ್ರಶ್ನೆ ಈಗಷ್ಟೇ ಹುಟ್ಟಿದೆ.

5. ಪತ್ರ ಬರೆಯಿರಿ

ಶಾಲೆಯಲ್ಲಿ ಕಲಿತ ರಜಾ ಅರ್ಜಿಯ ಮಾದರಿ ಇಲ್ಲಿ ಬೇಡ. ‘ಇವರಿಂದ, ಇವರಿಗೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯ ಪ್ರಾರ್ಥನೆ’ ಅಂತ ಶುರು ಮಾಡಿದರೆ ಪ್ರಶ್ನೆ ಬರುವಷ್ಟರಲ್ಲಿ ಓದುವವರಿಗೆ ಸುಸ್ತಾಗುತ್ತದೆ. ಹಾಗಂತ ‘ಹಾಯ್ ಸರ್’ ಅಂತಲೂ ಬೇಡ. ನಮಸ್ಕಾರ, ನಿಮ್ಮ ಹೆಸರು, ಸೆಕ್ಷನ್, ರೋಲ್ ನಂಬರ್ ಇಷ್ಟಿದ್ದರೆ ಸಾಕು. ಮೂರು ಸೆಕ್ಷನ್‌ಗೆ ಪಾಠ ಮಾಡುವವರಿಗೆ ಬರೀ ಹೆಸರಿನಿಂದ ನೀವು ಯಾರು ಅಂತ ಗೊತ್ತಾಗಲ್ಲ, ಯಾವ ಸೆಕ್ಷನ್‌ನಲ್ಲಿ ಎಲ್ಲಿಯವರೆಗೆ ಮಾಡಿದ್ದರು ಎಂಬುದೂ ನೆನಪಿರಲ್ಲ.

ಪತ್ರ ಹೀಗಿರಲಿ:

> ವಿಷಯ: ಮಂಗಳವಾರದ 1/x ಪ್ರೂಫ್, 4ನೇ ಸಾಲಿನ 1/2 ಬಗ್ಗೆ ಒಂದು ಪ್ರಶ್ನೆ
>
> ಸರ್, ನಮಸ್ಕಾರ.
>
> ನಾನು ಮೊದಲ ಸೆಮಿಸ್ಟರ್ ಬಿಎಸ್‌ಸಿ, ಬಿ ಸೆಕ್ಷನ್, ರೋಲ್ ನಂಬರ್ 37. ಮಂಗಳವಾರ ತಾವು x → 1 ಆದಾಗ 1/x → 1 ಎಂದು ಸಾಧಿಸಿದಿರಿ. ಪ್ರೂಫ್ ಅನ್ನು ಐದು ಸಾಲಾಗಿ ಬರೆದು ನಂಬರ್ ಹಾಕಿದ್ದೇನೆ, ಹಾಳೆಯ ಫೋಟೊ ಜೊತೆಗಿದೆ.
>
> 1ರಿಂದ 3ನೇ ಸಾಲು ಮತ್ತು 5ನೇ ಸಾಲು ಅರ್ಥವಾಗಿದೆ. ನನ್ನ ಪ್ರಶ್ನೆ 4ನೇ ಸಾಲಿನ ಬಗ್ಗೆ: |x − 1| < 1/2 ಎಂದು 1/2 ಅನ್ನೇ ಆರಿಸಿದ್ದು ಯಾಕೆ?
>
> ನಾನು ಮಾಡಿ ನೋಡಿದ್ದು: 1/2 ತೆಗೆದು ε = 1.8 ಹಾಕಿದರೆ x = 0.2ರಲ್ಲಿ ಪ್ರೂಫ್ ತಪ್ಪಾಗುತ್ತದೆ, ಹಾಗಾಗಿ ಏನೋ ಒಂದು ಸಂಖ್ಯೆ ಬೇಕು ಎಂದು ಗೊತ್ತಾಯಿತು. x² ಪ್ರೂಫ್‌ನಂತೆ 1 ಹಾಕಿದರೆ 0 < x < 2 ಬರುತ್ತದೆ, 1/xಗೆ ಮೇಲ್ಮಿತಿ ಸಿಗಲಿಲ್ಲ. 3/4 ಹಾಕಿದರೆ 1/x < 4 ಬಂತು, δ = min(3/4, ε/4) ಆಯಿತು.
>
> ಈ 3/4 ಪ್ರೂಫ್ ಸರಿಯಿದೆಯೇ? ಹಾಗಿದ್ದರೆ 1ಕ್ಕಿಂತ ಕಡಿಮೆ ಇರುವ ಯಾವ ಧನ ಸಂಖ್ಯೆಯಾದರೂ ನಡೆಯುತ್ತದೆಯೇ, ಅಥವಾ 1/2ಕ್ಕೆ ನಾನು ಗಮನಿಸದ ಬೇರೆ ಕಾರಣ ಇದೆಯೇ?
>
> ತಮಗೆ ಬಿಡುವಾದಾಗ ತಿಳಿಸಿದರೆ ಸಾಕು ಸರ್. ಗುರುವಾರ ತರಗತಿ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬಂದೂ ಕೇಳಬಲ್ಲೆ.
>
> ವಂದನೆಗಳು

(ಕೆಳಗೆ ನಿಮ್ಮ ಹೆಸರು ಹಾಕುವುದು ಮರೆಯಬೇಡಿ. ಮರೆಯುವವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ.)

ಕೊನೆಯ ಪ್ರಶ್ನೆಯನ್ನು ಗಮನಿಸಿ. ‘ದಯವಿಟ್ಟು ವಿವರಿಸಿ’ ಅಂತ ಎಲ್ಲೂ ಇಲ್ಲ. ಹೌದು ಅಥವಾ ಅಲ್ಲ ಅಂತ ಶುರುವಾಗಬಲ್ಲ ಉತ್ತರವನ್ನು ಕೇಳಿದ್ದೀರಿ. ಇನ್ನೊಂದು, ಅರ್ಥವಾದ ಸಾಲುಗಳನ್ನೂ ಹೆಸರಿಸಿದ್ದೀರಿ. ಅದಿಲ್ಲದಿದ್ದರೆ ಲೆಕ್ಚರರ್ εನಿಂದ ಶುರು ಮಾಡಬೇಕಾ, ಛೇದದಿಂದ ಶುರು ಮಾಡಬೇಕಾ ಅಂತ ಊಹಿಸಬೇಕಾಗುತ್ತದೆ. ಆದರೆ ಅರ್ಥವಾಗದೆಯೇ ‘ಅರ್ಥವಾಗಿದೆ’ ಅಂತ ಬರೆಯಬೇಡಿ. ಐದನೇ ಸಾಲಲ್ಲಿ |1/x − 1| ಹೇಗೆ |x − 1|/|x| ಆಯಿತು ಅಂತ ನಿಮಗೇ ಬರೆದು ತೋರಿಸಲು ಬರದಿದ್ದರೆ ಪ್ರಶ್ನೆ ಬೇರೆಯೇ ಇದೆ, ಅದನ್ನು ಕೇಳಿ.

6. ಟೈಪ್ ಮಾಡುವಾಗ ಆಗುವ ಎಡವಟ್ಟು

ಮೊಬೈಲಲ್ಲಿ ε ಸಿಗದೆ e ಅಂತ ಹೊಡೆಯುತ್ತಾರೆ. ಗಣಿತದಲ್ಲಿ e ಅಂದರೆ 2.718… ಎಂಬ ಬೇರೆಯದೇ ಸಂಖ್ಯೆ. ‘ಎಪ್ಸಿಲಾನ್’ ಅಂತ ಕನ್ನಡದಲ್ಲೇ ಬರೆದರೂ ಪರವಾಗಿಲ್ಲ. 1/2x ಅಂತ ಹೊಡೆದರೆ (1/2)x ಕೂಡ ಆಗಬಹುದು, 1/(2x) ಕೂಡ ಆಗಬಹುದು, ಆವರಣ ಹಾಕಿ. ಓರೆ ಗೆರೆ ಅಂದರೆ ಭಾಗಾಕಾರ, ಲಂಬ ಗೆರೆ ಅಂದರೆ ಮಾಡ್. ಎರಡೂ ಒಂದೇ ಸಾಲಲ್ಲಿ ಬಂದರೆ ಕೈಯಲ್ಲಿ ಬರೆದು ಫೋಟೊ ತೆಗೆಯುವುದೇ ವಾಸಿ. ಫೋಟೊ ಒಂದೇ ಇರಲಿ. ನೋಟ್‌ಬುಕ್‌ನ ಏಳು ಪುಟ ಅಡ್ಡಡ್ಡ ತೆಗೆದು ಕಳಿಸಿ ‘ಸರ್ ಇದರಲ್ಲಿ’ ಅಂದರೆ ಯಾರೂ ನೋಡಲ್ಲ, ನಾನಂತೂ ನೋಡುತ್ತಿರಲಿಲ್ಲ.

ಒಂದೇ ಪತ್ರಕ್ಕೆ ಇನ್ನೊಂದು ಪ್ರಶ್ನೆ ಅಂಟಿಸಬೇಡಿ. ‘ಹಾಗೇ ಅಸೈನ್‌ಮೆಂಟ್ ಕೊನೆ ದಿನ ಯಾವುದು ಸರ್’ ಅಂತ ಸೇರಿಸಿದರೆ ಅದಕ್ಕೆ ಮಾತ್ರ ಉತ್ತರ ಬರುತ್ತದೆ, ಯಾಕೆಂದರೆ ಅದು ಸುಲಭ.

7. ಉತ್ತರ ಬಂದ ಮೇಲೆ

ಉತ್ತರ ತೀರಾ ಚಿಕ್ಕದಾಗಿರಬಹುದು: ‘ಸರಿ ಇದೆ. 1ಕ್ಕಿಂತ ಕಡಿಮೆ ಇರುವ ಯಾವುದಾದರೂ ನಡೆಯುತ್ತದೆ. ಸೊನ್ನೆಯಿಂದ ದೂರ ಇರಬೇಕು, ಅಷ್ಟೇ. 1/2 ಲೆಕ್ಕಕ್ಕೆ ಅನುಕೂಲ.’ ಇಷ್ಟೇನಾ ಅಂತ ಬೇಜಾರಾಗಬೇಡಿ, ಕಾರಣವೇ ಅಷ್ಟು. x ಹೋಗಿ ಸೇರುವ ಬಿಂದು 1, ಅಪಾಯದ ಬಿಂದು 0, ಅವೆರಡರ ನಡುವಿನ ದೂರ 1. ಅದರ ಅರ್ಧದಲ್ಲಿ ಬೇಲಿ ಹಾಕಿದ್ದಾರೆ. ಬೇಲಿ 3/4ಕ್ಕೆ ಹಾಕಿದರೂ 9/10ಕ್ಕೆ ಹಾಕಿದರೂ ಆಗುತ್ತದೆ, ಮೇಲ್ಮಿತಿ ಮಾತ್ರ 4, 10 ಅಂತ ದೊಡ್ಡದಾಗುತ್ತಾ ಹೋಗುತ್ತದೆ. ಸರಿಯಾಗಿ 1ಕ್ಕೆ ಹಾಕಿದರೆ ಬೇಲಿ ಸೊನ್ನೆಯ ಮೇಲೇ ಬೀಳುತ್ತದೆ.

ಒಂದು ಸಾಲಲ್ಲಿ ‘ಗೊತ್ತಾಯಿತು ಸರ್, ಧನ್ಯವಾದ’ ಅಂತ ಬರೆಯಿರಿ. ಆದರೆ ಅದಕ್ಕೆ ಮುಂಚೆ ನಿಜವಾಗಿ ಗೊತ್ತಾಯಿತಾ ಅಂತ ಬಿಂದು ಬದಲಾಯಿಸಿ ಪರೀಕ್ಷಿಸಿ. x → 3 ಆದಾಗ 1/x → 1/3 ಎಂದು ನೋಟ್ಸ್ ಮುಚ್ಚಿಟ್ಟು ಸಾಧಿಸಿ. ಸೊನ್ನೆಗೆ ದೂರ 3, ಅರ್ಧ 3/2. |x − 3| < 3/2 ಆದರೆ x > 3/2. ವ್ಯತ್ಯಾಸ |x − 3|/(3|x|), ಇದು (2/9)|x − 3|ಕ್ಕಿಂತ ಕಡಿಮೆ. ಹಾಗಾಗಿ δ = min(3/2, 9ε/2). ಇಲ್ಲಿ 1 ಕೂಡ ನಡೆಯುತ್ತದೆ, ಆಗ x > 2 ಆಗಿ δ = min(1, 6ε) ಬರುತ್ತದೆ. ನಿಮಗೆ ಇವೆರಡರಲ್ಲಿ ಯಾವುದು ಬಂದರೂ, ಅಥವಾ ಮೂರನೆಯದೇ ಒಂದು ಬಂದು ಐದನೇ ಸಾಲಿನ ಕೊನೆಯಲ್ಲಿ ε ಸಿಕ್ಕಿದರೂ, ಧನ್ಯವಾದ ಕಳಿಸಬಹುದು. δ = min(3, …) ಅಂತ ಬಂದಿದ್ದರೆ ಮಾತ್ರ ಇನ್ನೊಮ್ಮೆ ನಾಲ್ಕನೇ ಸಾಲಿಗೆ ಹೋಗಿ.